ವಾರಕ್ಕೆ ಮೂವತ್ತು ಗಂಟೆ

ಫಿಲಿಪ್ ಕುವೆಲ್ಲೊನಿಗೆ ದೇವರ ಮೇಲೆ ಎಷ್ಟು ಭಕ್ತಿಯೋ, ಮುಚ್ಚಳಿಕೆ ಪತ್ರದ ಮೇಲೂ ಅಷ್ಟೇ ಭಕ್ತಿ. ಮಸ್ಕತ್‌ನ ಒಂದು ಕಟ್ಟಡ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಿ.ಆರ್.ಓ. ಆಗಿದ್ದವನು ಅವನು. ಪಿ.ಆರ್.ಓ. ಎಂದರೆ ದೊಡ್ಡ ಸಾಹೇಬನೇನಲ್ಲ. ಕೂಲಿಗಳ ವೀಸಾ, ಲೇಬರ್ ಕಾರ್ಡ್, ಪಾಸ್‌ಪೋರ್ಟ್ ಕಟ್ಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಸರ್ಕಾರಿ ಕಚೇರಿಗಳ ಕಿಟಕಿಯಿಂದ ಕಿಟಕಿಗೆ ಓಡುವವನು. ಯಾವ ಅರ್ಜಿಯೇ ಇರಲಿ, ಕೊನೆಯಲ್ಲಿ ಒಂದು ಮುಚ್ಚಳಿಕೆ ಲಗತ್ತಿಸದೆ ಅವನಿಗೆ ಸಮಾಧಾನವಿಲ್ಲ. "ಸಾಂಬಾರಿಗೆ ಉಪ್ಪು ಹೇಗೋ, ಅರ್ಜಿಗೆ ಅಂಡರ್‌ಟೇಕಿಂಗ್ ಹಾಗೆ ಮಾರಾಯಾ" ಎಂದು ಕಚೇರಿಯ ಹೊಸಬರಿಗೆ ಪಾಠ ಹೇಳುತ್ತಿದ್ದ. ಅದೇ ಉಪ್ಪು ಕೊನೆಗೆ ಸ್ವಂತ ಮಗಳ ಅನ್ನಕ್ಕೆ ಬಿದ್ದದ್ದು ಹೇಗೆಂದು ಹೇಳುತ್ತೇನೆ, ಕೇಳಿ.

ಮಗಳು ವನೆಸ್ಸಾ. ಇಂಡಿಯನ್ ಸ್ಕೂಲಿನ ಶಿಶುವಿಹಾರದಲ್ಲಿ ಸಹಾಯಕ ಟೀಚರು. ಬೆಂಗಳೂರಿನಲ್ಲಿ ಓದುವಾಗಲೇ ಜರ್ಮನ್ ಕಲಿತು, ಮೊದಲ ಹಂತದ ಪರೀಕ್ಷೆಯನ್ನೂ ಪಾಸು ಮಾಡಿಕೊಂಡಿದ್ದಳು. ಅವಳ ಆಸೆ ಒಂದೇ: ಒಂದು ವರ್ಷ ಜರ್ಮನಿಗೆ ಓಪೇರ್ ಆಗಿ ಹೋಗುವುದು. ಓಪೇರ್ ಎಂದರೆ, ಪರದೇಶದ ಒಂದು ಕುಟುಂಬದಲ್ಲಿ ಮನೆಯವಳ ಹಾಗೆ ಇದ್ದು, ದಿನಕ್ಕೆ ಒಂದಷ್ಟು ಹೊತ್ತು ಅವರ ಮಕ್ಕಳನ್ನು ನೋಡಿಕೊಂಡು, ಉಳಿದ ಹೊತ್ತು ಆ ದೇಶದ ಭಾಷೆ, ರೀತಿನೀತಿ ಕಲಿಯುವ ಏರ್ಪಾಡು. ಅದಕ್ಕೊಂದು ವೀಸಾ, ವೀಸಾಕ್ಕೊಂದು ವಯಸ್ಸು. ಅರ್ಜಿ ಹಾಕುವ ದಿನ ಇಪ್ಪತ್ತೈದು ತುಂಬಿರಕೂಡದು. ವನೆಸ್ಸಾಳಿಗೆ ಇಪ್ಪತ್ತೈದು ತುಂಬುವುದು ಎರಡು ಸಾವಿರದ ಎಂಟರ ನವೆಂಬರ್ ಆರು, ಗುರುವಾರ. ಅರ್ಜಿ ಹಾಕಲು ಜರ್ಮನ್ ರಾಯಭಾರ ಕಚೇರಿ ಕೊಟ್ಟ ದಿನ ಅದೇ ವಾರದ ಮಂಗಳವಾರ. ನಡುವೆ ಉಳಿದದ್ದು ಒಂದು ಬುಧವಾರ!

ಇಷ್ಟು ತಡವಾದದ್ದಕ್ಕೂ ಕಾರಣ ಮನೆಯವರೇ. ಫಿಲಿಪ್‌ನ ಹೆಂಡತಿ ರೋಸಲಿಂಡ್‌ಳ ತಂಗಿ ಐಡಾ ಜರ್ಮನಿಯ ಕಲೋನ್ ನಗರದಲ್ಲಿ ನರ್ಸು. "ನಮ್ಮ ಐಡಾಳ ಮನೆ ಇರುವಾಗ ಯಾರದ್ದೋ ಮನೆ ಎಂತಕ್ಕೆ?" ಎಂದು ರೋಸಲಿಂಡ್ ಹಠ ಹಿಡಿದು ಅಲ್ಲಿಂದಲೇ ಕಾಗದ ತರಿಸಿದ್ದಳು. ರಾಯಭಾರ ಕಚೇರಿಯವರು ಫೋನಿನಲ್ಲೇ ಹೇಳಿಬಿಟ್ಟರು: ನೆಂಟರ ಮನೆ ನಡೆಯುವುದಿಲ್ಲ, ಮನೆಮಾತು ಜರ್ಮನ್ ಆಗಿರುವ, ರಕ್ತಸಂಬಂಧವಿಲ್ಲದ ಕುಟುಂಬವೇ ಬೇಕು. ಚಿಕ್ಕಮ್ಮನ ಮನೆಯಲ್ಲಿ ಕೊಂಕಣಿ ಮಾತಾಡಿಕೊಂಡು ಮೀನು ಸಾರು ಉಂಡರೆ ಅದೆಂಥ ಕಲಿಕೆ, ಅಲ್ಲವೇ? ಎರಡು ತಿಂಗಳು ಹೀಗೆ ನೀರಿನಲ್ಲಿ ಹೋಮ. ಆಮೇಲೆ ಐಡಾಳೇ ಓಡಾಡಿ, ತನ್ನ ಬೀದಿಯ ಕೆಲ್ಲರ್ ಎಂಬ ದಂಪತಿಗಳನ್ನು ಒಪ್ಪಿಸಿದಳು. ಅವರಿಗೆ ಎರಡು ಮಕ್ಕಳು.

ಕೆಲ್ಲರ್ ದಂಪತಿಗಳು ಸಹಿ ಮಾಡಿದ ಒಪ್ಪಂದ ಕೊರಿಯರಿನಲ್ಲಿ ಬಂದದ್ದು ಭಾನುವಾರ ಸಂಜೆ. ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಯ ಹಿಂದಿನ ಕಟ್ಟಡದಲ್ಲಿ ಮೂರನೇ ಮಹಡಿಯ ಮನೆ ಅವರದು. ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ವನೆಸ್ಸಾ ಓದತೊಡಗಿದಳು. ಮೋಹಿನಿ ಬಿಸಿಬಿಸಿ ನೀರುದೋಸೆ ತಂದು ತಂದು ಹಾಕುತ್ತಿದ್ದಳು. ಮೋಹಿನಿ ಕಾರ್ಕಳದ ಕಡೆಯ ಹೆಂಗಸು, ಆರು ವರ್ಷದಿಂದ ಆ ಮನೆಯಲ್ಲೇ ಕೆಲಸಕ್ಕಿದ್ದವಳು. ಅವಳ ವೀಸಾಕ್ಕೆ ಕಫೀಲ್, ಅಂದರೆ ಜಾಮೀನುದಾರ, ಫಿಲಿಪ್‌ನೇ; ಅವನನ್ನು ಅವಳು ಊರಿನ ರೂಢಿಯಂತೆ ಗೌರವದಿಂದ 'ಪೊರ್ಬುಲೇ' ಎಂದು ಕರೆಯುತ್ತಿದ್ದಳು.

"ಕೆಲಸ ವಾರಕ್ಕೆ ಮೂವತ್ತು ಗಂಟೆ ಮಾತ್ರ. ದಿನಕ್ಕೆ ಆರು ಗಂಟೆಗಿಂತ ಜಾಸ್ತಿ ಇಲ್ಲ," ಎಂದಳು ವನೆಸ್ಸಾ.

"ಮತ್ತೆ ಉಳಿದ ಹೊತ್ತು ಎಂತ ಮಾಡುವುದು?" ರೋಸಲಿಂಡ್ ದೋಸೆ ಮುರಿಯುವುದನ್ನೇ ನಿಲ್ಲಿಸಿದಳು.

"ಭಾಷೆಯ ಕ್ಲಾಸಿಗೆ ಹೋಗ್ಲಿಕ್ಕೆ ಬಿಡ್ಬೇಕಂತೆ. ವಾರಕ್ಕೆ ಒಂದೂವರೆ ದಿನ ರಜೆ. ನಾಲ್ಕು ಸಂಜೆ ನನ್ನದೇ. ಬೇರೆ ಕೋಣೆ ಕೊಡ್ಬೇಕು, ಕಿಟಕಿ ಇರುವ ಕೋಣೆ. ವಿಮೆ ಅವರದ್ದೇ. ಊಟ ಅವರೊಟ್ಟಿಗೆ ಮೇಜಿನಲ್ಲಿ. ಕೈಖರ್ಚಿಗೆ ತಿಂಗಳಿಗೆ ಇನ್ನೂರ ಅರವತ್ತು ಯೂರೋ."

"ಏಸುವೇ!" ಎಂದಳು ರೋಸಲಿಂಡ್. "ಇದು ಕೆಲಸವಾ, ಅಜ್ಜಿಮನೆಯಾ?"

ಮೋಹಿನಿ ತಟ್ಟೆ ಹಿಡಿದುಕೊಂಡು ನಿಂತೇಬಿಟ್ಟಿದ್ದಳು. "ಬೇಬಿ, ಮೂವತ್ತು ಗಂಟೆ ಅಂದ್ರೆ ವಾರಕ್ಕಾ? ಸರಿ ನೋಡಿದಿರಾ? ನನಗೆ ಮೂವತ್ತು ಗಂಟೆ ಎರಡು ದಿವಸಕ್ಕೇ ಮುಗೀತದೆ," ಎಂದು ನಕ್ಕಳು. ಎಲ್ಲರೂ ನಕ್ಕರು. ಫಿಲಿಪ್ ಕೂಡ ನಕ್ಕ. ಆಮೇಲೆ ಮೋಹಿನಿ ಕಾವಲಿ ಕರಕಲಾಗುತ್ತದೆಂದು ಒಳಗೆ ಓಡಿದಳು.

ಆದರೆ ಫಿಲಿಪ್‌ಗೆ ಆ ಕಾಗದದ ಮೇಲೆ ನಂಬಿಕೆ ಹುಟ್ಟಲಿಲ್ಲ. ಕೊಲ್ಲಿಯಲ್ಲಿ ಇಂಥ ಕಾಗದಗಳನ್ನು ಅವನು ಕಂಡಿಲ್ಲವೇ? ಕಾರ್ಮಿಕ ಸಚಿವಾಲಯಕ್ಕೆ ತೋರಿಸುವ ಒಪ್ಪಂದ ಒಂದು, ವಿಮಾನ ಇಳಿದ ಮೇಲೆ ಸಹಿ ಹಾಕಿಸುವ ಒಪ್ಪಂದ ಇನ್ನೊಂದು. ಕಾಗದದಲ್ಲಿ ಬರೆದಂತೆ ಯಾರಾದರೂ ನಡೆದುಕೊಳ್ಳುತ್ತಾರೆಯೇ? ಕೆಲ್ಲರ್ ಸಾಹೇಬನಿಗೂ ಒಳಗೊಳಗೆ ಬೇಕಾಗಿರುವುದು ದಣಿಯದೆ ದುಡಿಯುವ, ತಿರುಗಿ ಮಾತಾಡದ, ಓಡಿಹೋಗದ ಹುಡುಗಿಯೇ ಇರಬೇಕು. ವೀಸಾ ಕೊಡುವ ಅಧಿಕಾರಿಗೂ ಇದೇ ಅನುಮಾನವಿರುತ್ತದೆ: ಈ ಹುಡುಗಿ ಸೋಮಾರಿಯೋ, ಅಲ್ಲಿಗೆ ಹೋಗಿ ನಾಪತ್ತೆಯಾಗುವವಳೋ? ಹಾಗಾದರೆ ತಂದೆಯಾದವನು ಭರವಸೆ ಕೊಡಬೇಡವೇ?

ಸೋಮವಾರ ಕಚೇರಿಯಲ್ಲಿ ಕುಳಿತು, ತನ್ನ ಕೈಯಾರೆ ಟೈಪು ಮಾಡಿದ. ಅದರ ಸಾರಾಂಶ ಇಷ್ಟು: ನನ್ನ ಮಗಳು ವನೆಸ್ಸಾ ಹಗಲಿರುಳೆನ್ನದೆ ಆ ಕುಟುಂಬದ ಸೇವೆ ಮಾಡುತ್ತಾಳೆ. ಅಡಿಗೆ, ಕಸ, ಬಟ್ಟೆ, ಮಕ್ಕಳು, ಯಾವ ಕೆಲಸಕ್ಕೂ ಇಲ್ಲವೆನ್ನುವುದಿಲ್ಲ. ಅಗತ್ಯ ಬಿದ್ದರೆ ರಜೆ ಕೇಳುವುದಿಲ್ಲ. ಅವಳ ಪಾಸ್‌ಪೋರ್ಟನ್ನು ಆ ಕುಟುಂಬದ ವಶಕ್ಕೆ ಒಪ್ಪಿಸಲಾಗುವುದು. ಅವರ ಅನುಮತಿಯಿಲ್ಲದೆ ಮನೆ ಬಿಟ್ಟು ಹೊರಗೆ ಹೋಗಳು. ಇದಕ್ಕೆ ನಾನೇ ಜವಾಬ್ದಾರ. ಕೆಳಗೆ ಸಹಿ, ಹೆಬ್ಬೆರಳಿನ ಗುರುತೂ ಬೇರೆ. ಎಷ್ಟು ಚಂದ ಬಂದಿದೆ ಎಂದು ಎರಡು ಸಲ ಓದಿ ಖುಷಿಪಟ್ಟ. ಮಗಳಿಗೆ ಹೇಳಲಿಲ್ಲ. ಮಂಗಳವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಫೈಲಿನ ಕಟ್ಟಕಡೆಯಲ್ಲಿ ಅದನ್ನು ಸೇರಿಸಿಟ್ಟ.

ರಾಯಭಾರ ಕಚೇರಿಯ ಒಳಗೆ ತಂಪು, ಮೌನ. ಅಷ್ಟು ಮೌನದ ಸರ್ಕಾರಿ ಕಚೇರಿಯನ್ನು ಫಿಲಿಪ್ ಕಂಡಿರಲಿಲ್ಲ. ಒಬ್ಬರೂ ಕೂಗಾಡುವುದಿಲ್ಲ, ಯಾರೂ ಯಾರ ಹೆಗಲ ಮೇಲಿಂದಲೂ ಕಾಗದ ತೂರುವುದಿಲ್ಲ. ಕುರ್ಚಿಯ ತುದಿಯಲ್ಲಿ ಕುಳಿತ. ನಾಲ್ಕು ಹೆಜ್ಜೆ ಆಚೆ, ಗಾಜಿನ ಕಿಟಕಿಯ ಮುಂದೆ ವನೆಸ್ಸಾ. ಗಾಜಿನ ಹಿಂದೆ ಕನ್ನಡಕದ ಜರ್ಮನ್ ಅಧಿಕಾರಿಣಿ.

ಆಕೆ ಮೊದಲು ಜರ್ಮನ್‌ನಲ್ಲೇ ಏನೇನೋ ಕೇಳಿದಳು. ವನೆಸ್ಸಾ ನಿಧಾನವಾಗಿ, ಒಂದೆರಡು ಕಡೆ ತಡವರಿಸಿ, ಉತ್ತರ ಕೊಟ್ಟಳು. ಅಧಿಕಾರಿಣಿ ತಲೆಯಾಡಿಸಿದಳು. ಫಿಲಿಪ್‌ನ ಎದೆ ಹಿಗ್ಗಿತು. ಕಾಗದಗಳನ್ನು ಒಂದೊಂದಾಗಿ ತಿರುವಿದಳು. ಕೊನೆಯ ಹಾಳೆಗೆ ಬಂದಾಗ ಕೈ ನಿಂತಿತು. ಒಮ್ಮೆ ಓದಿದಳು. ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದಳು. ಆಮೇಲೆ ಇಂಗ್ಲಿಷಿನಲ್ಲಿ, ದನಿ ಏರಿಸದೆ, ಕೇಳಿದಳು: "ಒಪ್ಪಂದ ಒಂದು ಹೇಳುತ್ತದೆ, ಈ ಪತ್ರ ಇನ್ನೊಂದು ಹೇಳುತ್ತದೆ. ಯಾವುದು ನಿಜ?"

ವನೆಸ್ಸಾ ಆ ಹಾಳೆಯನ್ನು ಗಾಜಿಗೆ ಹಣೆ ಒತ್ತಿ ಓದಿದಳು. ಅವಳ ಕಿವಿ ಕೆಂಪಾಯಿತು. ತಿರುಗಿ ಅಪ್ಪನ ಕಡೆ ನೋಡಿದಳು, ಅಷ್ಟೇ. ಆ ನೋಟ ಫಿಲಿಪ್‌ಗೆ ಕಪಾಳಕ್ಕೆ ಬಿದ್ದಂತಾಯಿತು.

"ಇದು ಮನೆಕೆಲಸದವಳ ವಿವರ," ಎಂದಳು ಅಧಿಕಾರಿಣಿ. "ಓಪೇರ್ ಮನೆಕೆಲಸದವಳಲ್ಲ. ಆ ಕುಟುಂಬ ನಿಮ್ಮಿಂದ ನಿರೀಕ್ಷಿಸುವುದು ಇದನ್ನೇ ಆಗಿದ್ದರೆ ಈ ವೀಸಾ ಸಿಗುವುದಿಲ್ಲ."

ಫಿಲಿಪ್ ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಕಿರ್ರೆಂದಿತು. "ಮೇಡಂ, ಸಾರಿ ಮೇಡಂ! ಫೈಲು ವಾಪಸ್ ಕೊಡಿ. ಎಲ್ಲ ಸರಿಮಾಡಿ ಮುಂದಿನ ವಾರ ತರುತ್ತೇವೆ," ಎಂದ. ಇಪ್ಪತ್ತೆರಡು ವರ್ಷದ ಅಭ್ಯಾಸ; ಕಿಟಕಿಯಲ್ಲಿ ತಕರಾರು ಬಂತೋ, ಫೈಲು ಹಿಂದಕ್ಕೆ, ಮತ್ತೆ ನಾಳೆ.

"ಡ್ಯಾಡಿ!" ವನೆಸ್ಸಾಳ ದನಿ ಒಡೆದೇ ಹೋಯಿತು. "ವಾಪಸ್ ತಗೊಂಡ್ರೆ ಆಯ್ತು, ಖಲಾಸ್! ಅರ್ಜಿ ಕೊಟ್ಟ ದಿನದ ವಯಸ್ಸು ನೋಡುವುದು ಅವರು. ಮುಂದಿನ ವಾರ ನನಗೆ ಇಪ್ಪತ್ತೈದು ಆಗಿರ್ತದೆ. ಮತ್ತೆ ಜನ್ಮದಲ್ಲಿ ಇಲ್ಲ!"

ಫಿಲಿಪ್‌ಗೆ ಕೈಯಾರೆ ಟೈಪು ಮಾಡಿದ ಆ ಚಂದದ ಹಾಳೆಯನ್ನು ಗಾಜು ಒಡೆದು ಕಿತ್ತುಕೊಳ್ಳುವಷ್ಟು ಸಿಟ್ಟು ಬಂತು, ತನ್ನ ಮೇಲೆಯೇ. ಅಧಿಕಾರಿಣಿ ಅವನನ್ನು ಹತ್ತಿರ ಕರೆದಳು.

"ಇದನ್ನು ಬರೆದವರು ಯಾರು? ಆ ಕುಟುಂಬ ಕೇಳಿತ್ತೇ?"

"ಇಲ್ಲ ಮೇಡಂ. ಅವರಿಗೆ ಇದರ ವಿಷಯವೇ ಗೊತ್ತಿಲ್ಲ. ನನ್ನ ಮಗಳಿಗೂ ಗೊತ್ತಿಲ್ಲ. ನಾನೇ ಬರೆದದ್ದು."

"ಯಾಕೆ?"

ಯಾಕೆ! ಅವನ ಜನ್ಮದಲ್ಲಿ ಯಾವ ಕಿಟಕಿಯೂ ಅವನನ್ನು ಯಾಕೆ ಎಂದು ಕೇಳಿರಲಿಲ್ಲ. ಹುಡುಕಿ ಹುಡುಕಿ ಹೇಳಿದ: "ಇಲ್ಲಿ ಹೀಗೇ ಬರೆಯುವುದು ಮೇಡಂ. ನಾನು ನೂರಾರು ಬರೆದಿದ್ದೇನೆ. ಹೀಗೆ ಬರೆದರೆ ಒಳ್ಳೆಯ ಹುಡುಗಿ ಅಂದುಕೊಳ್ಳುತ್ತೀರಿ ಎಂದು ಬರೆದೆ."

ಆಕೆ ಅವನನ್ನು ಒಂದು ಗಳಿಗೆ ದಿಟ್ಟಿಸಿದಳು. ನಗಲಿಲ್ಲ, ಗದರಲೂ ಇಲ್ಲ. ಮತ್ತೆ ವನೆಸ್ಸಾಳ ಕಡೆ ತಿರುಗಿ, ಅವನಿಗೂ ಅರ್ಥವಾಗಲೆಂದೋ ಏನೋ, ಇಂಗ್ಲಿಷಿನಲ್ಲೇ ಕೇಳಿದಳು: "ಕುಟುಂಬದವರು ಮೂವತ್ತು ಗಂಟೆಗಿಂತ ಹೆಚ್ಚು ಕೆಲಸ ಮಾಡೆಂದರೆ ಏನು ಮಾಡುತ್ತೀರಿ?"

ಹೇಳು ಮಗಳೇ, ಮಾಡುತ್ತೇನೆ ಅನ್ನು, ಸಂತೋಷದಿಂದ ಮಾಡುತ್ತೇನೆ ಅನ್ನು, ಎಂದು ಫಿಲಿಪ್ ಮನಸ್ಸಿನಲ್ಲೇ ಬೇಡಿಕೊಂಡ. ನೋಡಿ, ಇಷ್ಟಾದರೂ ಮನುಷ್ಯನಿಗೆ ಬುದ್ಧಿ ಬಂದಿರಲಿಲ್ಲ.

"ಆಗುವುದಿಲ್ಲ ಎಂದು ಹೇಳುತ್ತೇನೆ," ಎಂದಳು ವನೆಸ್ಸಾ. "ಒಂದು ದಿನ ಮಗುವಿಗೆ ಜ್ವರ ಬಂದು ಹೆಚ್ಚಾದರೆ ಇನ್ನೊಂದು ದಿನ ಕಡಿಮೆ ಮಾಡಿಕೊಳ್ಳುತ್ತೇನೆ. ದಿನಾಲೂ ಹಾಗೇ ಆದರೆ ಅಲ್ಲಿನ ಓಪೇರ್‌ಗಳ ಸಲಹಾ ಕೇಂದ್ರಕ್ಕೆ ಫೋನ್ ಮಾಡುತ್ತೇನೆ. ಬೇರೆ ಕುಟುಂಬ ಹುಡುಕಿಕೊಳ್ಳಬಹುದು."

"ನಿಮ್ಮ ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತದೆ?"

"ನನ್ನ ಹತ್ತಿರ."

"ಸರಿ," ಎಂದಳು ಅಧಿಕಾರಿಣಿ. ಮೊದಲ ಸಲ ಆಕೆಯ ಮುಖದಲ್ಲಿ ನಗು ಕಾಣಿಸಿತು.

ಫಿಲಿಪ್ ಬೆಪ್ಪಾಗಿ ನಿಂತ. ಅಬ್ಬಾ, ಇದೆಂಥ ಪರೀಕ್ಷೆ! ಧಣಿಗೆ ಆಗುವುದಿಲ್ಲ ಅಂದವಳು ಪಾಸು! ಆರು ವರ್ಷದ ಹುಡುಗಿಯಾಗಿದ್ದಾಗ ಇಂಜೆಕ್ಷನ್ನಿಗೆ ಹೆದರಿ ತನ್ನ ಕಾಲು ತಬ್ಬಿಕೊಳ್ಳುತ್ತಿದ್ದ ಮಗಳು, ಸರ್ಕಾರದ ಕಿಟಕಿಯ ಮುಂದೆ ನಿಂತು ಹೀಗೆ ಹೇಳುತ್ತಾಳೆ. ಸರ್ಕಾರ ಅದನ್ನು ಕೇಳಿ ಸರಿ ಅನ್ನುತ್ತದೆ. ಕಾಗದದಲ್ಲಿ ಬರೆದದ್ದು ನಿಜವಾಗಿಯೂ ನಡೆಯಬೇಕೆಂದೇ ಬರೆದದ್ದಂತೆ! ಭೂಮಿಯ ಮೇಲೆ ಇಂಥ ಜಾಗವೂ ಇದೆಯೆಂದು ಐವತ್ತಮೂರನೇ ವಯಸ್ಸಿನಲ್ಲಿ ತಿಳಿದು, ಅವನಿಗೆ ಇಗರ್ಜಿಯಲ್ಲಿ ನಿಂತಷ್ಟು ಭಯಭಕ್ತಿಯಾಯಿತು.

"ಅರ್ಜಿಯನ್ನು ಇವತ್ತೇ ಸ್ವೀಕರಿಸುತ್ತೇನೆ," ಎಂದಳು ಅಧಿಕಾರಿಣಿ. "ಆದರೆ ಈ ಪತ್ರವೂ ಫೈಲಿನಲ್ಲೇ ಇರುತ್ತದೆ, ಹರಿದುಹಾಕುವ ಹಾಗಿಲ್ಲ. ಇದನ್ನು ಯಾಕೆ ಬರೆದಿರಿ, ನಿಜ ಏನು ಎಂಬುದನ್ನು ನಿಮ್ಮ ಕೈಬರಹದಲ್ಲಿ ಬರೆದುಕೊಡಿ. ಕಲೋನ್‌ನ ವಿದೇಶೀಯರ ಕಚೇರಿ ಎರಡನ್ನೂ ನೋಡುತ್ತದೆ. ಬೇಕಾದರೆ ಆ ಕುಟುಂಬವನ್ನೂ ವಿಚಾರಿಸುತ್ತದೆ. ತೀರ್ಮಾನಕ್ಕೆ ವಾರಗಳೇ ಹಿಡಿಯಬಹುದು. ಸಿಕ್ಕೇ ಸಿಗುತ್ತದೆಂದು ನಾನು ಹೇಳಲಾರೆ."

ಬಿಳಿ ಹಾಳೆ ಕೊಟ್ಟರು. ಸಾವಿರ ಅರ್ಜಿ ಬರೆದ ಫಿಲಿಪ್ ಆ ಕಿಟಕಿಯ ಬದಿಯಲ್ಲೇ ನಿಂತು ಬರೆಯತೊಡಗಿದ. ನನ್ನ ಮಗಳು ದಿನಕ್ಕೆ ಆರು ಗಂಟೆಗಿಂತ ಹೆಚ್ಚು ಕೆಲಸ ಮಾಡುವುದಿಲ್ಲ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ, ಎಂದು ಬರೆದ. ಅವಳಿಗೆ ಕಿಟಕಿ ಇರುವ ಸ್ವಂತ ಕೋಣೆ ಇರುತ್ತದೆ, ಎಂದು ಬರೆದ. ಅವಳ ಪಾಸ್‌ಪೋರ್ಟ್ ಅವಳದೇ, ಅದನ್ನು ಇಟ್ಟುಕೊಳ್ಳುವ ಹಕ್ಕು ಬೇರೆ ಯಾರಿಗೂ ಇಲ್ಲ, ಎಂದು ಬರೆದ. ಆ ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತುಬಿಟ್ಟಿತು. ಎರಡು ವರ್ಷದ ಹಿಂದೆ ಇಲ್ಲಿಯೂ ಒಂದು ಸುತ್ತೋಲೆ ಬಂದಿತ್ತು, ಕೆಲಸಗಾರರ ಪಾಸ್‌ಪೋರ್ಟನ್ನು ಮಾಲೀಕರು ಹಿಡಿದಿಟ್ಟುಕೊಳ್ಳಬಾರದೆಂದು. ಫಿಲಿಪ್ ಅದನ್ನು ಓದಿ, ಮೊಹರು ಒತ್ತಿ, ಫೈಲಿಗೆ ಹಾಕಿದ್ದ. ಫೈಲು ಯಾವ ಉಕ್ಕಿನ ಬೀರುವಿನಲ್ಲಿತ್ತೋ, ಅದೇ ಬೀರುವಿನಲ್ಲಿ ಕಂಪನಿಯ ಅರವತ್ತು ಜನರ ಪಾಸ್‌ಪೋರ್ಟುಗಳೂ ರಬ್ಬರ್‌ಬ್ಯಾಂಡ್ ಸುತ್ತಿಕೊಂಡು ಮಲಗಿದ್ದವು.

ವಾಪಸು ಬರುವಾಗ, ಕಾರು ಮನೆಯ ಹತ್ತಿರ ಬಂದಾಗ, ವನೆಸ್ಸಾ ಅಪ್ಪನ ಕಡೆ ತಿರುಗಿದಳು. "ಡ್ಯಾಡಿ, ನಾನು ಹೆಬ್ಬೆಟ್ಟು ನೋಡಿ ಸತ್ತೇಹೋದೆ," ಎಂದಳು. ಇಬ್ಬರೂ ಅಳುವಷ್ಟು ನಕ್ಕರು. ನಕ್ಕ ಮೇಲೆ ಫಿಲಿಪ್ ನಿಜವಾಗಿಯೇ ಕಣ್ಣೊರೆಸಿಕೊಂಡ. "ತಪ್ಪಾಯ್ತು ಮಗಾ. ನಿನಗೆ ಸಿಗದಿದ್ರೆ ನಾನು ಹೇಗೆ ಮುಖ ತೋರಿಸುವುದು?" ಎಂದ.

ಏಳು ವಾರ. ಪ್ರತಿದಿನ ಕಚೇರಿಯಿಂದ ಬಂದವನೇ, "ಫೋನ್ ಬಂತಾ?" ಎಂದು ಕೇಳುವನು. ರೋಸಲಿಂಡ್ ಸಂತ ಅಂತೋಣಿಗೆ ಮೊಂಬತ್ತಿ ಹರಕೆ ಹೊತ್ತಳು. ಮೋಹಿನಿಯೂ ಬಿಡಲಿಲ್ಲ, ತಿಂಗಳಿಗೊಮ್ಮೆ ಮಸ್ಕತ್‌ನ ದೇವಸ್ಥಾನಕ್ಕೆ ಬಿಡುತ್ತಿದ್ದ ಶುಕ್ರವಾರ ವನೆಸ್ಸಾಳ ಹೆಸರಿನಲ್ಲಿ ಅರ್ಚನೆ ಮಾಡಿಸಿ ಪ್ರಸಾದ ತಂದಳು. ಆ ದಿನಗಳಲ್ಲಿ ಫಿಲಿಪ್‌ಗೊಂದು ವಿಚಿತ್ರ ಚಾಳಿ ಹತ್ತಿತ್ತು. ಬೆಳಿಗ್ಗೆ ಐದಕ್ಕೆ ಅಡಿಗೆಮನೆಯ ದೀಪ ಹೊತ್ತಿದರೆ ಒಂದು ಎಂದು ಮೋಹಿನಿಯ ಗಂಟೆಗಳನ್ನು ಎಣಿಸತೊಡಗುವನು. ಮಧ್ಯಾಹ್ನದ ಹೊತ್ತಿಗೆ ಆರು ದಾಟುತ್ತಿತ್ತು. ಮೋಹಿನಿ ಕೊನೆಯ ಪಾತ್ರೆ ಬೋರಲು ಹಾಕುವಾಗ ಹದಿನಾರೋ ಹದಿನೇಳೋ. ಎಣಿಸಬಾರದೆಂದುಕೊಂಡರೂ ಬೆರಳು ತಾನಾಗಿ ಮಡಚುತ್ತಿತ್ತು.

ಕ್ರಿಸ್‌ಮಸ್‌ಗೆ ಎರಡು ದಿನ ಇರುವಾಗ ಫೋನ್ ಬಂತು. ಕೆಲ್ಲರ್ ದಂಪತಿಗಳನ್ನು ವಿಚಾರಿಸಿದ್ದರಂತೆ, ಅವರು ಕೋಣೆಯ ಅಳತೆ, ವಾರದ ವೇಳಾಪಟ್ಟಿ ಎಲ್ಲ ಬರೆದುಕೊಟ್ಟಿದ್ದರಂತೆ. ಒಪ್ಪಿಗೆ ಸಿಕ್ಕಿತು! ಮಧ್ಯಾಹ್ನ ವನೆಸ್ಸಾ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಹಿಡಿದುಕೊಂಡು ಕುಣಿಯುತ್ತ ಬಂದಳು. ಮೋಹಿನಿ ಸೆರಗಿನಲ್ಲಿ ಕೈ ಒರೆಸಿಕೊಂಡು ವೀಸಾವನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ರೋಸಲಿಂಡ್ ಅವಳನ್ನು ಅಲ್ಲಿಂದಲೇ ಕುಸ್ವಾರ್ ಕರಿಯಲು ಓಡಿಸಿದಳು. ಹಬ್ಬಕ್ಕೆ ಇನ್ನೂ ಎರಡು ಡಬ್ಬಿ ತಿಂಡಿ ಬಾಕಿಯಿತ್ತು.

ಫಿಲಿಪ್ ಅಭ್ಯಾಸಬಲದಿಂದ ಮಗಳ ಮುಂದೆ ಕೈ ಚಾಚಿದ. "ಕೊಡು, ಲಾಕರಿನಲ್ಲಿ ಇಡ್ತೇನೆ."

"ಬೇಡ ಡ್ಯಾಡಿ," ಎಂದಳು ವನೆಸ್ಸಾ ಮೆಲ್ಲಗೆ. "ನನ್ನ ಹತ್ತಿರವೇ ಇರಲಿ."

ಅವನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಮಲಗುವ ಕೋಣೆಗೆ ಹೋದ. ಲಾಕರ್ ತೆರೆದ. ಮನೆಯವರ ಪಾಸ್‌ಪೋರ್ಟುಗಳ ಅಡಿಯಲ್ಲಿ, ಮೂಲೆ ಸುರುಟಿದ ಇನ್ನೊಂದಿತ್ತು. ಅದನ್ನು ತೆಗೆದುಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದ.

"ಮೋಹಿನಿ, ಇದು ನಿನ್ನದು. ತಗೋ."

ಬಾಣಲೆಯ ಎಣ್ಣೆಯಲ್ಲಿ ಕಲ್‌ಕಲ್‌ಗಳು ಬೇಯುತ್ತಿದ್ದವು. ಮೋಹಿನಿ ತಿರುಗಿ ನೋಡಿದಳು. ಅವಳ ಮುಖದ ಬಣ್ಣವೇ ಇಳಿಯಿತು. ಕೈಯಲ್ಲಿದ್ದ ಜಾಲರಿ ಸೌಟು ನೆಲಕ್ಕೆ ಬಿತ್ತು.

"ಕ್ಯಾನ್ಸಲ್ ಮಾಡಿದ್ರಾ ಪೊರ್ಬುಲೇ? ನಾನು ಎಂತ ತಪ್ಪು ಮಾಡಿದೆ? ಅವತ್ತು ಮೂವತ್ತು ಗಂಟೆ ಅಂತ ನಗಾಡಿದ್ದಕ್ಕಾ? ತಮಾಷೆಗೆ ಹೇಳಿದ್ದು ನಾನು, ದೇವರಾಣೆ! ಮಗಳ ಮದುವೆ ಇನ್ನೂ ಆಗಲಿಲ್ಲ, ನನ್ನನ್ನು ಕಳಿಸ್ಬೇಡಿ…"

"ಅಯ್ಯೋ, ಕ್ಯಾನ್ಸಲ್ ಅಲ್ಲ ಮಾರಾಯ್ತಿ, ಯಾರೂ ಕಳಿಸುವುದಿಲ್ಲ!" ಫಿಲಿಪ್ ಗಾಬರಿಯಿಂದ ಒಲೆ ಆರಿಸಿದ. ಕೊಲ್ಲಿಯಲ್ಲಿ ಪಾಸ್‌ಪೋರ್ಟ್ ಕೈಗೆ ಕೊಟ್ಟರೆಂದರೆ ಊರಿಗೆ ಅಟ್ಟಿದರೆಂದೇ ಅರ್ಥ. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಹಾಗೆ ಎಷ್ಟು ಜನರ ಕೈಗೆ ಅವನೇ ಕೊಟ್ಟಿಲ್ಲ? "ಕೆಲಸ ಉಂಟು, ವೀಸಾ ಉಂಟು. ಆದ್ರೆ ಇದು ನಿನ್ನದಲ್ವಾ? ಇನ್ನು ಮೇಲೆ ನಿನ್ನ ಹತ್ತಿರವೇ ಇರಲಿ, ಅಷ್ಟೇ."

ಮೋಹಿನಿ ನಂಬದೆ ನಂಬದೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತೆರೆದು ತನ್ನ ಫೋಟೋ ನೋಡಿದಳು. ಮಸ್ಕತ್ ವಿಮಾನ ನಿಲ್ದಾಣದಲ್ಲಿ ಫಿಲಿಪ್‌ನ ಕೈಗೆ ಒಪ್ಪಿಸಿದ ಮೇಲೆ ಅವಳು ಅದನ್ನು ಕಂಡಿರಲಿಲ್ಲ. "ನನ್ನ ಕೂದಲು ಆಗ ಎಷ್ಟು ಕಪ್ಪಿತ್ತು ನೋಡಿ," ಎಂದಳು, ಬೇರೆ ಯಾರದೋ ಪಟ ನೋಡುವವಳ ಹಾಗೆ.

ಪುಸ್ತಕ ಮುಚ್ಚಿ, ಮೋಹಿನಿ ಸುತ್ತ ನೋಡಿದಳು. ಸಿಂಕಿನ ಬದಿ ಒದ್ದೆ. ಕಪಾಟುಗಳ ತುಂಬ ಅಕ್ಕಿ, ಬೇಳೆ, ಹಬ್ಬದ ಡಬ್ಬಿಗಳು. ರಾತ್ರಿ ಅವಳು ಚಾಪೆ ಹಾಸುವ ಮೂಲೆಯಲ್ಲಿ ಈರುಳ್ಳಿ ಚೀಲ, ಅದರ ಹಿಂದೆ ಬೀಗವಿಲ್ಲದ ಅವಳ ಬಟ್ಟೆಯ ಬ್ಯಾಗು.

"ಎಲ್ಲಿ ಇಡುವುದು ಪೊರ್ಬುಲೇ?" ಎಂದು ಕೇಳಿದಳು.

ನಿನ್ನ ಕೋಣೆಯಲ್ಲಿ, ಎಂದು ಹೇಳಲು ಫಿಲಿಪ್ ಬಾಯಿ ತೆರೆದಿದ್ದ. ಮಗಳಿಗೆ ಕಿಟಕಿ ಇರುವ ಕೋಣೆ ಇರುತ್ತದೆಂದು ತನ್ನ ಕೈಬರಹದಲ್ಲೇ ಬರೆದುಕೊಟ್ಟವನು, ನಾಚಿಕೆಯಿಂದ ಕುಗ್ಗಿ, ಈರುಳ್ಳಿ ಚೀಲದ ಆ ಮೂಲೆಯನ್ನೇ ನೋಡಿದ. ಮೋಹಿನಿ ಪಾಸ್‌ಪೋರ್ಟನ್ನು ಸೆರಗಿನಿಂದ ಚೆನ್ನಾಗಿ ಒರೆಸಿ, ಅವನ ಕೈಗೇ ವಾಪಸು ಇಟ್ಟಳು. "ನಿಮ್ಮ ಹತ್ತಿರವೇ ಇರಲಿ. ನನಗೆ ಇಲ್ಲಿ ಜಾಗ ಇಲ್ಲ," ಎಂದಳು.